ಒಂದು ವೆಂಡರ್ ಸಾಲು ಅಳಿಸಿದ್ರೆ ಒಂದನೇ ರ್‍ಯಾಂಕೇ ಬದಲಾಗೇತಿ, ಶೀಟ್ ತಪ್ಪೋ ಲೆಕ್ಕ ತಪ್ಪೋ?

ಗೋಕುಲ್‌ರೋಡ್_ಪರ್ಚೇಸ್
ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಳಿ ಒಳಗ ನಮ್ದು ಮಷಿನಿಂಗ್ ಯೂನಿಟ್, 30 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್ ತಗೋಬೇಕಾಗೇತಿ, ಡ್ರೈಯರ್ ರಿಸೀವರ್ ಟ್ಯಾಂಕ್ ಸೇರಿ. ನಾಕು ಕೊಟೇಶನ್ ಬಂದಾವು. ಎಕ್ಸೆಲ್‌ನ್ಯಾಗ ಸ್ಕೋರಿಂಗ್ ಶೀಟ್ ಮಾಡೀನಿ, ಬೆಲೆಗೆ 50, ಸರ್ವೀಸ್‌ಗೆ 30, ಡೆಲಿವರಿಗೆ 20 ತೂಕ ಇಟ್ಟೀನಿ, ರ್‍ಯಾಂಕ್ ತಾನಾಗೇ ಬರ್ತದ. ಬೆಲೆ ಜಿಎಸ್‌ಟಿ ಬಿಟ್ಟು ಲಕ್ಷದಾಗ, ಉಳಿದದ್ದು ಹತ್ತಕ್ಕ ಎಷ್ಟು ಅಂತ ನಾನ ಕೊಟ್ಟದ್ದು:

ಎ: ಬೆಲೆ 9.0, ಸರ್ವೀಸ್ 5, ಡೆಲಿವರಿ 6
ಬಿ: ಬೆಲೆ 9.9, ಸರ್ವೀಸ್ 9, ಡೆಲಿವರಿ 6
ಸಿ: ಬೆಲೆ 10.8, ಸರ್ವೀಸ್ 8, ಡೆಲಿವರಿ 7
ಡಿ: ಬೆಲೆ 14.0, ಸರ್ವೀಸ್ 9, ಡೆಲಿವರಿ 4

ಬೆಲೆ ಅಂಕಕ್ಕ ಈ ಫಾರ್ಮುಲಾ ಹಾಕೀನಿ:

```
=10*(MAX($B$4:$B$7)-B4)/(MAX($B$4:$B$7)-MIN($B$4:$B$7))
```

ಬಿ 8.0, ಎ 7.7, ಸಿ 7.0, ಡಿ 3.5 ಬಂತು. ಬಿ ಒಂದನೇದು, ಸಾಹೇಬ್ರಿಗೆ ತೋರ್ಸಿದೆ. ಅವ್ರು ಡಿ ಕೊಟೇಶನ್ ನೋಡಿ, ಇವ್ರು ನಾವು ಕೇಳಿದ್ದಕ್ಕಿಂತ ದೊಡ್ಡ ಮಾಡೆಲ್ ಕೊಟ್ಟಾರ, ನಮ್ಮ ಸ್ಪೆಕ್ ಅಲ್ಲ, ತಗದು ಹಾಕು ಅಂದ್ರು. ಸಾಲು ಡಿಲೀಟ್ ಮಾಡಿದೆ ನೋಡ್ರಿ, ಎ 7.7 ಆಗಿ ಮ್ಯಾಲೆ ಬಂತು, ಬಿ 6.4ಕ್ಕ ಇಳೀತು! ಎ ಮತ್ತ ಬಿ ಒಂದು ರೂಪಾಯಿನೂ ಬದ್ಲಾಗಿಲ್ಲ, ಕಡೇ ನಂಬರ್‌ನವ್ನು ಹೋದ್ರ ಮೊದಲ್ನೇ ನಂಬರ್ ಹೆಂಗ ಬದ್ಲಾಗ್ತದ? ಸಾಹೇಬ್ರು ನಾ ಏನೋ ಕೈ ಆಡ್ಸೀನಿ ಅನ್ನೋ ಹಂಗ ನೋಡ್ಲಿಕ್ಕತ್ಯಾರ.

ತೂಕದ_ಕಲ್ಲು
ಸಾರ್ ಮೊದ್ಲು ತೂಕಗಳ ಮೊತ್ತ ಸರಿಯಾಗಿ 100 ಇದೆಯಾ ನೋಡಿ, ಎಲ್ಲೋ ಒಂದ್ ಕಡೆ 110 ಆಗಿದ್ರೆ ಹಿಂಗೇ ರ್‍ಯಾಂಕ್ ಹಾಳಾಗತ್ತೆ. ಇನ್ನೊಂದು, ಡಾಲರ್ ಚಿಹ್ನೆ ಹಾಕದೆ ಫಾರ್ಮುಲಾ ಎಳೆದ್ರೂ ಹಿಂಗಾಗತ್ತೆ.

ಗೋಕುಲ್‌ರೋಡ್_ಪರ್ಚೇಸ್
100 ಐತ್ರಿ, ಚೆಕ್ ಸೆಲ್ ಇಟ್ಟೀನಿ. ಡಾಲರೂ ಐತಿ, ಮ್ಯಾಲೆ ಹಾಕೀನಲ್ಲ.

ಇಲಾಖೆ_ಇಂಜಿನಿಯರ್
ಇಷ್ಟೆಲ್ಲ ಯಾಕ್ರೀ? ನಮ್ಮಲ್ಲಿ ಸರ್ಕಾರಿ ಖರೀದಿ ಕಾಯ್ದೆ ಕೆಟಿಪಿಪಿ ಪ್ರಕಾರ ಎರಡು ಲಕೋಟೆ ತಗೋತೀವಿ. ಟೆಕ್ನಿಕಲ್ ಲಕೋಟೆಯಲ್ಲಿ ಪಾಸಾದವರ ಬೆಲೆ ಲಕೋಟೆ ಮಾತ್ರ ತೆರೀತೀವಿ, ಎಲ್‌1 ಅಂದ್ರೆ ಅತಿ ಕಡಿಮೆ ಬೆಲೆ ಯಾರದ್ದೋ ಅವರಿಗೆ ಆರ್ಡರ್. ತೂಕ ಹಾಕಿ ಅಂಕ ಕೊಡೋದು ಕನ್ಸಲ್ಟೆಂಟ್ ಆಯ್ಕೆಗೆ. ಕೇಂದ್ರದವರು 2021ರ ಅಕ್ಟೋಬರ್‌ನಲ್ಲಿ ಕೆಲವು ವರ್ಕ್ಸ್‌ಗೂ ಸರ್ವೀಸ್‌ಗೂ ಅದನ್ನ ಬಿಟ್ಟರು, ಅದೂ ಬೆಲೆ ಬಿಟ್ಟು ಉಳಿದ ಅಂಶಗಳ ತೂಕ 30 ಮೀರಬಾರದು ಅಂತ. ನಿಮ್ಮದು ಬೆಲೆಗೆ 50 ಇದೆ, ಆಡಿಟ್‌ನಲ್ಲಿ ಹಿಡೀತಾರೆ. ಕಂಪ್ರೆಸರ್ ಅಂದ್ರೆ ಗೂಡ್ಸ್, ಎಲ್‌1 ಕೊಟ್ಟು ಮುಗಿಸಿ.

ಗೋಕುಲ್‌ರೋಡ್_ಪರ್ಚೇಸ್
ನಮ್ದು ಪ್ರೈವೇಟ್ ಲಿಮಿಟೆಡ್ ಐತ್ರಿ ಸರ, ಆಡಿಟ್ ಅಂದ್ರ ನಮ್ಮ ಸಾಹೇಬ್ರ ಕಣ್ಣು ಅಷ್ಟ.

ಸೋರ್ಸಿಂಗ್_ಪೀಣ್ಯ
ನಿಮ್ಮ ಶೀಟ್‌ನಲ್ಲಿ ಲೆಕ್ಕ ತಪ್ಪಿಲ್ಲ, ನಾನು ಮಾಡಿ ನೋಡ್ದೆ, ಎರಡು ಸಲದ ಅಂಕಗಳೂ ಸರಿ. ಎಡವಟ್ಟು ಇರೋದು ಬೆಲೆ ಫಾರ್ಮುಲಾ ಆಯ್ಕೆಯಲ್ಲಿ. ಅದು ಅತಿ ಕಡಿಮೆ ಬೆಲೆಗೆ 10, ಅತಿ ಜಾಸ್ತಿ ಬೆಲೆಗೆ ಸೊನ್ನೆ ಕೊಟ್ಟು ಮಧ್ಯದಲ್ಲಿ ಇರೋರನ್ನ ಅದಕ್ಕೆ ತಕ್ಕಂಗೆ ಹಂಚುತ್ತೆ. ಅಂದ್ರೆ ಒಂದು ಅಂಕಕ್ಕೆ ಎಷ್ಟು ರೂಪಾಯಿ ಅನ್ನೋದನ್ನ ನಿಮ್ಮ ಶೀಟ್‌ನಲ್ಲಿರೋ ಅತಿ ದುಬಾರಿ ವೆಂಡರ್ ತೀರ್ಮಾನ ಮಾಡ್ತಾನೆ, ನೀವಲ್ಲ.

ರೂಪಾಯಲ್ಲೇ ನೋಡಿ. ಡಿ ಇದ್ದಾಗ 9ರಿಂದ 14, ಅಂದ್ರೆ 5 ಲಕ್ಷದ ಅಂತರ. ಅಷ್ಟಕ್ಕೆ ಪೂರ್ತಿ 10 ಬೆಲೆ ಅಂಕ, 50 ತೂಕ ಹಾಕಿದ್ರೆ ಒಟ್ಟಿನಲ್ಲಿ 5 ಅಂಕ, ಹಾಗಾಗಿ ಒಟ್ಟಿನ 1 ಅಂಕ ಅಂದ್ರೆ 1 ಲಕ್ಷ. ಸರ್ವೀಸ್‌ನಲ್ಲಿ ಒಂದು ಅಂಕ ಜಾಸ್ತಿ ಬಂದ್ರೆ ಒಟ್ಟಿಗೆ 0.3 ಸೇರುತ್ತೆ, ಅಂದ್ರೆ 30,000 ರೂಪಾಯಿಗೆ ಸಮ. ಬಿಗೆ ಎಗಿಂತ ಸರ್ವೀಸ್‌ನಲ್ಲಿ 4 ಅಂಕ ಜಾಸ್ತಿ, 1.2 ಲಕ್ಷದ ಲಾಭ, ಬೆಲೆಯಲ್ಲಿ ಕೊಡಬೇಕಾಗಿದ್ದು 90,000 ಜಾಸ್ತಿ, ಬಿ ಗೆದ್ದ. ಈಗ ಡಿ ಹೋದ. ದುಬಾರಿ ಅಂದ್ರೆ ಸಿ, 10.8. ಅಂತರ ಬರೀ 1.8 ಲಕ್ಷ, ಅದೇ 5 ಅಂಕ ಈಗ 1.8 ಲಕ್ಷಕ್ಕೆ. ಸರ್ವೀಸ್‌ನ ಒಂದು ಅಂಕದ ಬೆಲೆ 10,800ಕ್ಕೆ ಕುಸೀತು, ನಾಲ್ಕಕ್ಕೆ 43,200, ಅದು 90,000ಕ್ಕೆ ಸಾಲಲ್ಲ, ಎ ಗೆದ್ದ. ತೂಕ 50 ಅಂತಲೇ ಬರ್ದಿದೆ ಎರಡೂ ಸಲ, ಆದ್ರೆ ಎರಡನೇ ಸಲ ಬೆಲೆಗೆ ಮೂರು ಪಟ್ಟು ಹತ್ತಿರ ಬಲ ಬಂದಿದೆ.

ತೂಕದ_ಕಲ್ಲು ಹೇಳಿದ್ದರಲ್ಲಿ ಅರ್ಧ ಸರಿ. ಡಾಲರ್ ವಿಷ್ಯ ನಿಜ, ಆದ್ರೆ ಮೊತ್ತ 110 ಆದ ಮಾತ್ರಕ್ಕೆ ರ್‍ಯಾಂಕ್ ಬದಲಾಗಲ್ಲ, ಅದೇ ತೂಕ ಎಲ್ಲರಿಗೂ ತಾನೇ, ಎಲ್ಲರ ಒಟ್ಟು ಅಂಕ ಉಬ್ಬುತ್ತೆ ಅಷ್ಟೇ. 70 ಅಂಕ ಬರದಿದ್ರೆ ರಿಜೆಕ್ಟ್ ಅಂತ ಗೆರೆ ಹಾಕಿದ್ರೆ ಮಾತ್ರ ಅದು ಕಡಿಯುತ್ತೆ.

ಇಲಾಖೆ ಸಾರ್ ಎಲ್‌1 ಅಂದಿದ್ದು ಇಲ್ಲಿಗೆ ಹೊಂದಲ್ಲ, ಆದ್ರೆ ಅವರ ಎರಡು ಲಕೋಟೆ ಪದ್ಧತಿ ಇಲ್ಲಿಗೂ ಬೇಕು. ಡಿ ಸ್ಪೆಕ್‌ಗೆ ಹೊಂದಲ್ಲ ಅಂದ್ರೆ ಅವನ ಬೆಲೆ ಶೀಟಿನ ಲೆಕ್ಕಕ್ಕೇ ಬರಬಾರದಿತ್ತು. ಸ್ಪೆಕ್, ವಾರಂಟಿ, ಪೇಮೆಂಟ್ ಟರ್ಮ್ಸ್ ಇವು ಹೌದು ಇಲ್ಲ ಅನ್ನೋ ಗೇಟ್, ಅದಾದ್ಮೇಲೆ ಅಂಕ.

ಲಿಫ್ಟ್_ಕಮಿಟಿ_ಮೈಸೂರು
ನಮ್ಮ ಅಪಾರ್ಟ್‌ಮೆಂಟಲ್ಲೂ ಲಿಫ್ಟ್ ಎಎಂಸಿಗೆ ಇದೇ ಥರ ಶೀಟ್ ಮಾಡಿದ್ವಿ, ಏಳು ಜನ ಕಮಿಟಿ, ಎಲ್ರೂ ಅಂಕ ಕೊಟ್ಟು ಆವರೇಜ್ ತಗೊಂಡ್ವಿ. ಆರು ಜನ 6, 7, 8 ಅಂತ ಸೌಮ್ಯವಾಗಿ ಕೊಟ್ರು, ಒಬ್ರು ಮಾತ್ರ ತಮಗೆ ಬೇಕಾದ ಕಂಪನಿಗೆ 10, ಬೇಡದಕ್ಕೆ 1. ಅವ್ರು ಹೇಳಿದ್ದೇ ಆಯ್ತು. ಅದಕ್ಕೇ ನಾನು ಹೇಳೋದು ಈ ಶೀಟ್ ಎಲ್ಲಾ ಬರೀ ನಾಟಕ, ಮೊದ್ಲೇ ಮನಸ್ಸಲ್ಲಿ ಯಾರು ಅಂತ ಇರತ್ತೆ.

ಸೋರ್ಸಿಂಗ್_ಪೀಣ್ಯ
ನಾಟಕ ಆಗೋದು ಅಂಕಕ್ಕೆ ಅರ್ಥ ಕಟ್ಟದೆ ಬಿಟ್ಟಾಗ. ಸರ್ವೀಸ್ 9 ಅಂದ್ರೆ ಏನು? ಇಂಜಿನಿಯರ್ ಊರಲ್ಲೇ ಇದ್ದು ಏರ್ ಎಂಡ್ ಬಿಟ್ಟು ಉಳಿದ ಸ್ಪೇರ್ ಅಲ್ಲೇ ಸಿಕ್ಕಿದ್ರೆ 9, ಪಕ್ಕದ ಜಿಲ್ಲೆಯಿಂದ ಅದೇ ದಿನ ಬಂದ್ರೆ 7, ಬೆಂಗಳೂರಿಂದಲೋ ಪುಣೆಯಿಂದಲೋ ಮರುದಿನ ಬಂದ್ರೆ 5 ಅಂತ ಕೊಟೇಶನ್ ಕವರ್ ಒಡೆಯೋ ಮುಂಚೆ ಬರ್ದಿಟ್ಟಿದ್ರೆ ಆ ಒಬ್ಬರಿಗೆ 1 ಕೊಡೋಕೆ ಜಾಗಾನೇ ಇರಲ್ಲ. ಆವರೇಜ್ ಬದ್ಲು ಮೀಡಿಯನ್ ತಗೊಂಡ್ರೂ ಅವರ ಆಟ ನಡೆಯಲ್ಲ.

ಗೋಕುಲ್‌ರೋಡ್_ಪರ್ಚೇಸ್
ಸೋರ್ಸಿಂಗ್ ಅವ್ರ, ಈ ರೂಪಾಯಿ ಲೆಕ್ಕ ಸಾಹೇಬ್ರಿಗೆ ಕೂಡಿಸಿ ತೋರ್ಸಿದೆ, ನನ್ನ ಮ್ಯಾಲಿನ ಸಂಶಯ ಹೋತು. ಈಗ ಫಾರ್ಮುಲಾ ಯಾವ್ದು ಹಾಕ್ಲಿ? ನೆಟ್‌ನ್ಯಾಗ ಕಡಿಮಿ ಬೆಲೆ ಭಾಗಿಸು ಇವನ ಬೆಲೆ ಅಂತ ಒಂದು ಐತಿ.

ಸೋರ್ಸಿಂಗ್_ಪೀಣ್ಯ
ಕನ್ಸಲ್ಟೆಂಟ್ ಆಯ್ಕೆಯಲ್ಲೂ ಅದೇ ಬಳಸ್ತಾರೆ. ದುಬಾರಿಯವನು ಬಂದ್ರೂ ಹೋದ್ರೂ ಅದಕ್ಕೆ ಏನೂ ಆಗಲ್ಲ. ನಿಮ್ಮದಕ್ಕೆ ಹಾಕಿದ್ರೆ ಬಿ 8.45, ಸಿ 7.97, ಎ 7.70. ಕಾಲಂ ಹೀಗಿಟ್ಕೊಳ್ಳಿ: ಬೆಲೆ B, ಬೆಲೆ ಅಂಕ C, ಸರ್ವೀಸ್ D, ಡೆಲಿವರಿ E, ಗೇಟ್ F, ಒಟ್ಟು G, ರ್‍ಯಾಂಕ್ H, ತೂಕಗಳು ಎರಡನೇ ಸಾಲಲ್ಲಿ.

```
C4: =10*MINIFS($B$4:$B$7,$F$4:$F$7,"Y")/B4
G4: =IF(F4="Y",ROUND(SUMPRODUCT($C$2:$E$2,C4:E4)/SUM($C$2:$E$2),2),"")
H4: =IF(F4="Y",RANK.EQ(G4,$G$4:$G$7,0),"")
```

MINIFS ಬೇಕೇ ಬೇಕು, ಬರೀ MIN ಹಾಕಿದ್ರೆ ಗೇಟ್‌ನಲ್ಲಿ ಬಿದ್ದವನ ಬೆಲೆ ಕಡಿಮೆ ಇದ್ದಾಗ ಅವನೇ ಎಲ್ಲರ ಅಂಕ ನಿರ್ಧರಿಸ್ತಾನೆ. ಡಾಲರ್ ಬಿಟ್ಟು ಎಳೆದ್ರೆ ಗೊತ್ತಾಗೋದು ಹೀಗೆ: ಬೆಲೆ ಏರಿಕೆ ಕ್ರಮದಲ್ಲಿ ಇದ್ರೆ ಬೆಲೆ ಅಂಕದ ಕಾಲಂ ಪೂರ್ತಿ 10, 10, 10 ಅಂತ ಬರುತ್ತೆ, ಯಾಕಂದ್ರೆ ಪ್ರತಿ ಸಾಲೂ ತನ್ನಿಂದ ಕೆಳಗಿನೋರನ್ನ ಮಾತ್ರ ನೋಡುತ್ತೆ. ಬೆಲೆನ 9,00,000/- ಅಂತ ಗೆರೆ ಸಮೇತ ಟೈಪ್ ಮಾಡಬೇಡಿ. ಎಕ್ಸೆಲ್‌ಗೆ ಅದು ಅಕ್ಷರ, ಕಡಿಮೆ ಬೆಲೆ ಹುಡುಕುವಾಗ ಅದನ್ನ ದಾಟಿ ಹೋಗುತ್ತೆ, ಆ ಸಾಲಲ್ಲಿ ಎರರ್ ಕಾಣುತ್ತೆ ಸರಿ, ಆದ್ರೆ ಉಳಿದವರ ಅಂಕವೂ ಸದ್ದಿಲ್ಲದೆ ಬದಲಾಗಿರುತ್ತೆ. ಸರ್ವೀಸ್ ಸೆಲ್ ಖಾಲಿ ಬಿಟ್ರೂ ಅದಕ್ಕೆ ಸೊನ್ನೆ ಬಿದ್ದಂಗೇ.

ಆದ್ರೆ ಆರ್ಡರ್ ಹಾಕೋ ಮುಂಚೆ ಒಂದು ಪ್ರಶ್ನೆ ಸಾಹೇಬ್ರಿಗೆ ಕೇಳಿ. ಈ ಹೊಸ ಫಾರ್ಮುಲಾದಲ್ಲಿ ಬಿ ತನ್ನ ಬೆಲೆನ 11.84 ಲಕ್ಷಕ್ಕೆ ಏರಿಸಿದ್ರೂ ಎ ಜೊತೆ ಸಮ ಆಗ್ತಾನೆ. ಅಂದ್ರೆ ಒಳ್ಳೆ ಸರ್ವೀಸ್‌ಗೆ ನೀವು 2.84 ಲಕ್ಷ ಜಾಸ್ತಿ ಕೊಡೋಕೆ ತಯಾರು ಅಂತ ಶೀಟ್ ಹೇಳ್ತಾ ಇದೆ. ತಯಾರಿದ್ದೀರಾ?

ತೂಕದ_ಕಲ್ಲು
ಸಮ ಆದ್ರೆ ಏನ್ ಮಾಡ್ತೀರಾ? ನಾನು ರ್‍ಯಾಂಕ್ ಜೊತೆ COUNTIF ಕೂಡಿಸ್ತೀನಿ, ಆಗ ಇಬ್ರಿಗೆ ಒಂದೇ ನಂಬರ್ ಬರಲ್ಲ, ನೀಟಾಗಿರತ್ತೆ.

ಸೋರ್ಸಿಂಗ್_ಪೀಣ್ಯ
ನೀಟಾಗಿರತ್ತೆ, ಆದ್ರೆ ಆಗ ಗೆಲ್ಲೋದು ಶೀಟ್‌ನಲ್ಲಿ ಮೇಲಿನ ಸಾಲಲ್ಲಿ ಕೂತವನು, ಅಂದ್ರೆ ಕೊಟೇಶನ್ ಮೊದಲು ಕಳಿಸಿದವನು ಇಲ್ಲಾ ಹೆಸರು ಅಕಾರದಿಂದ ಶುರುವಾಗೋನು. ಸಮ ಬಂದ್ರೆ ಸಮ ಅಂತಲೇ ತೋರಿಸ್ಲಿ, ಕಡಿಮೆ ಬೆಲೆಯವನಿಗೆ ಅಂತಲೋ ಏನೋ ಮೊದಲೇ ಬರ್ದಿಡಿ.

ಗೋಕುಲ್‌ರೋಡ್_ಪರ್ಚೇಸ್
ಕೇಳಿದೆ. ಸಾಹೇಬ್ರು ನಕ್ಕು, 2.84 ಲಕ್ಷನಾ? ನಿನಗೇನ್ ತಲಿ ಕೆಟ್ಟೇತಿ ಅಂದ್ರು. ಭಾಳ ಅಂದ್ರ ಒಂದು ಲಕ್ಷ, ಸರ್ವೀಸ್ ಮನಶಾ ಹುಬ್ಳಿಯಾಗ ಇದ್ರ ಅಷ್ಟು ಕೊಡಬಹುದು ಅಂದ್ರು. ಹಳೇ ಕಂಪ್ರೆಸರ್ ಕೆಟ್ಟಾಗ ಡೀಸಲ್ ಕಂಪ್ರೆಸರ್ ಬಾಡಿಗಿ ತಂದಿದ್ವಿ, ಆ ಬಿಲ್ ನೆನಪಿಟ್ಕೊಂಡಾರ ಅವ್ರು.

ಸೋರ್ಸಿಂಗ್_ಪೀಣ್ಯ
ಅಷ್ಟು ಸಿಕ್ಕಿದ್ರೆ ಸಾಕು. ನಾಲ್ಕು ಅಂಕಕ್ಕೆ 1 ಲಕ್ಷ ಅಂದ್ರೆ ಅಂಕಕ್ಕೆ 25,000. ಡೆಲಿವರಿ ಎ ಬಿ ಇಬ್ಬರದೂ ಒಂದೇ, ಅದನ್ನ ಬಿಡಿ. ಬಿ ಬೆಲೆಯಿಂದ 1 ಲಕ್ಷ ಕಳೀರಿ, 8.9 ಆಯ್ತು, ಎ 9.0. ಬಿ ಹತ್ತು ಸಾವಿರದಷ್ಟು ಮುಂದೆ. ಗಮನಿಸಿ, 8.45 ವಿರುದ್ಧ 7.70 ಅಂದಾಗ ಬಿ ಎಲ್ಲೋ ದೂರ ಓಡಿದಂಗೆ ಕಾಣ್ತಿತ್ತು. ಸಾಹೇಬ್ರು 80,000 ಅಂದಿದ್ರೆ ಎ ಗೆಲ್ತಿದ್ದ.

ತೂಕ ಬದಲಾಯಿಸಿ ಪರೀಕ್ಷೆ ಮಾಡಿದ್ರೂ ಗೆಲುವು ಇಷ್ಟು ಸಣ್ಣದು ಅಂತ ಗೊತ್ತಾಗ್ತಿರಲಿಲ್ಲ, ಅದಕ್ಕೆ ಹೇಳ್ತಿದ್ದೀನಿ. ಭಾಗಾಕಾರದ ಫಾರ್ಮುಲಾದಲ್ಲಿ ಬೆಲೆ ತೂಕನ 70ಕ್ಕೆ ಏರಿಸಿ, ಉಳಿದ 30ನ ಹಿಂದಿನ ಅನುಪಾತದಲ್ಲೇ ಸರ್ವೀಸ್‌ಗೆ 18, ಡೆಲಿವರಿಗೆ 12 ಅಂತ ಹಂಚಿ, ಆಗ್ಲೂ ಬಿನೇ ಬರ್ತಾನೆ. 73ರ ಹತ್ತಿರ ಹೋದ್ಮೇಲೆ ಎ. ತೂಕ ಅಲ್ಲಾಡಿಸಿ ನೋಡ್ದೆ, ಗಟ್ಟಿ ಇದೆ ಅಂತ ಫೈಲ್‌ನಲ್ಲಿ ಬರ್ದುಬಿಡ್ತಿದ್ರಿ.

ಗಾಳಿ_ಮೆಕ್ಯಾನಿಕ್
ಎಲ್ಲರೂ ಅಂಕದ ಹಿಂದೆಯೇ ಓಡ್ತಿದ್ದೀರಲ್ಲ ಮಾರಾಯ್ರೆ, ಕರೆಂಟ್ ಬಿಲ್ ಎಲ್ಲಿ ಹೋಯ್ತು? ನಾನು ಮಂಗಳೂರಲ್ಲಿ ಕಂಪ್ರೆಸರ್ ಸರ್ವೀಸ್ ಮಾಡುವವ. 30 ಕಿಲೋವ್ಯಾಟ್ ಮಷಿನ್ ಎರಡು ಶಿಫ್ಟ್ ಓಡಿದ್ರೆ ವರ್ಷಕ್ಕೆ 4,800 ಗಂಟೆ, ಫುಲ್ ಲೋಡ್ ಅಂತ ಇಟ್ರೆ 1,44,000 ಯೂನಿಟ್, ಯೂನಿಟ್‌ಗೆ 8 ರೂಪಾಯಿ ಹಿಡಿದ್ರೆ 11.5 ಲಕ್ಷ. ಮಷಿನ್ ಬೆಲೆಗಿಂತ ಒಂದು ವರ್ಷದ ಕರೆಂಟೇ ಜಾಸ್ತಿ. ಅದಕ್ಕೊಂದು ಕಾಲಂ ಇಲ್ಲವಲ್ಲ. 100 ಸಿಎಫ್‌ಎಂಗೆ ಎಷ್ಟು ಕಿಲೋವ್ಯಾಟ್ ಅಂತ ಕೊಟೇಶನ್‌ನಲ್ಲಿ ಉಂಟಾ ನೋಡಿ.

ಗೋಕುಲ್‌ರೋಡ್_ಪರ್ಚೇಸ್
ಐತ್ರಿ. ಎ 19.0 ಬರದಾನ, ಬಿ 18.2. ನಮಗ ಬೇಕಾದ್ದು 170 ಸಿಎಫ್‌ಎಂ. ಇದಕ್ಕ 25 ತೂಕದ ಹೊಸಾ ಕಾಲಂ ಮಾಡ್ಲಾ?

ತೂಕದ_ಕಲ್ಲು
ಹೌದು ಮಾಡಿ, ಬೆಲೆ 40 ಕರೆಂಟ್ 25 ಸರ್ವೀಸ್ 20 ಡೆಲಿವರಿ 15, ಚೆನ್ನಾಗಿರತ್ತೆ.

ಸೋರ್ಸಿಂಗ್_ಪೀಣ್ಯ
ಬೇಡ. ರೂಪಾಯಿಗೆ ತಿರುಗಿಸೋಕೆ ಆಗೋದಕ್ಕೆ ಅಂಕ ಯಾಕೆ? 170 ಸಿಎಫ್‌ಎಂಗೆ ಎ 32.3 ಕಿಲೋವ್ಯಾಟ್, ಬಿ 30.94. ವ್ಯತ್ಯಾಸ 1.36, ಅದನ್ನ 4,800 ಗಂಟೆಗೆ ಗುಣಿಸಿ, 6,528 ಯೂನಿಟ್, ವರ್ಷಕ್ಕೆ 52,000 ಚಿಲ್ಲರೆ. ಬಿಗೆ ಕೊಡೋ 90,000 ಎರಡು ವರ್ಷದೊಳಗೆ ಕರೆಂಟಲ್ಲೇ ವಾಪಸ್, ಸರ್ವೀಸ್ ಲೆಕ್ಕ ಹಾಕದೇನೇ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ರೆ 19.0 ಮತ್ತು 18.2 ಎರಡಕ್ಕೂ 8, 8.3 ಅಂತ ಏನೋ ಹಾಕಿ ಈ ಹಣ ಕಣ್ಣಿಂದ ಮರೆಯಾಗ್ತಿತ್ತು.

ಗಾಳಿ_ಮೆಕ್ಯಾನಿಕ್
ತಡೀರಿ ತಡೀರಿ. ಆ 19.0, 18.2 ಎಷ್ಟು ಬಾರ್‌ನಲ್ಲಿ ಅಂತ ಯಾರೂ ಕೇಳಲಿಲ್ಲ. ಒಬ್ಬ 7 ಬಾರ್‌ಗೆ ಬರೆದಿರ್ತಾನೆ ಇನ್ನೊಬ್ಬ 8 ಬಾರ್‌ಗೆ, ಒಂದು ಬಾರ್ ಹೆಚ್ಚಾದ್ರೆ ಪವರ್ ಸುಮಾರು 6ರಿಂದ 7 ಪರ್ಸೆಂಟ್ ಜಾಸ್ತಿ ತಿನ್ನುತ್ತದೆ. ಇನ್ನು ಕೆಲವರು ಮೋಟಾರ್ ಪವರ್ ಮಾತ್ರ ಬರೆಯುವುದು, ಫ್ಯಾನ್ ಬಿಟ್ಟು. ಇಡೀ ಪ್ಯಾಕೇಜ್‌ನದ್ದು, ಐಎಸ್‌ಒ 1217 ಅನೆಕ್ಸ್ ಸಿ ಪ್ರಕಾರದ್ದು ಅಂತ ಇದ್ರೆ ಮಾತ್ರ ಹೋಲಿಸಿ.

ಗೋಕುಲ್‌ರೋಡ್_ಪರ್ಚೇಸ್
ಈಗ ಎರಡೂ ಕಡೆ ಫೋನ್ ಹಚ್ಚಿದೆ. ಬಿ 7 ಬಾರ್ ಅಂತ ಮೇಲ್ ಮಾಡ್ಯಾನ, ಅನೆಕ್ಸ್ ಸಿ ಅಂತನೂ ಬರದಾನ. ಎ ಬಾಯಿಲೆ 8 ಬಾರ್ ಅಂತಾನ, ಕಾಗದಾ ಇನ್ನಾ ಕಳ್ಸಿಲ್ಲ.

ಸೋರ್ಸಿಂಗ್_ಪೀಣ್ಯ
ಅವನು ಹೇಳೋದು ನಿಜ ಆದ್ರೆ 7 ಬಾರ್‌ಗೆ ಇಳಿಸಿದಾಗ 17.8 ಆಸುಪಾಸು ಬರುತ್ತೆ, ಬಿಗಿಂತ ಒಳ್ಳೇದು. ಆಗ ಬಿಗೆ ಕರೆಂಟಿನ ಲಾಭವೇ ಇಲ್ಲ, ಉಳಿಯೋದು ಆ ಹತ್ತು ಸಾವಿರ, ಅದೂ ಎ ಕಡೆಗೆ ತಿರುಗುತ್ತೆ. ಟೆಸ್ಟ್ ರಿಪೋರ್ಟ್ ಬರದೆ ರ್‍ಯಾಂಕ್ ಪ್ರಿಂಟ್ ತೆಗೀಬೇಡಿ. ಪಿಒದಲ್ಲೂ 7 ಬಾರ್‌ಗೆ ಇಷ್ಟು ಕಿಲೋವ್ಯಾಟ್ ಅಂತ ಹಾಕಿಸಿ, ಕಮಿಷನಿಂಗ್ ದಿನ ಅಳೆದು ಮೀರಿದ್ರೆ ಇಷ್ಟು ಕಡಿತ ಅಂತ.

ಗಾಳಿ_ಮೆಕ್ಯಾನಿಕ್
ಸೈಟ್‌ನಲ್ಲಿ ಸಿಎಫ್‌ಎಂ ಅಳೆಯುವುದು ಅಷ್ಟು ಸುಲಭ ಅಲ್ಲ, ರಿಸೀವರ್ ತುಂಬಿಸುವ ಟೆಸ್ಟ್ ಮಾಡಬಹುದು, ಆದ್ರೆ ಅದು ಅಂದಾಜಿನದ್ದು, ನಾಲ್ಕೈದು ಪರ್ಸೆಂಟ್ ವ್ಯತ್ಯಾಸಕ್ಕೆ ಅವ ಜಗಳ ಮಾಡಿಯೇ ಮಾಡ್ತಾನೆ. ನಾನಾದ್ರೆ ಕಡಿತದ ಷರತ್ತು ನಂಬಿ ಕೂರುವುದಿಲ್ಲ, ಫ್ಯಾಕ್ಟರಿಯಲ್ಲೇ ಟೆಸ್ಟ್ ನೋಡಿ ಬರ್ತೇನೆ.

ಸೋರ್ಸಿಂಗ್_ಪೀಣ್ಯ
ಒಂಬತ್ತು ಲಕ್ಷದ ಮಷಿನ್‌ಗೆ ಫ್ಯಾಕ್ಟರಿ ಟೆಸ್ಟ್‌ಗೆ ಕರೀತಾರೆ ಅಂತ ನನಗೆ ಅನ್ಸಲ್ಲ. ಷರತ್ತು ಇದ್ರೆ ಕೊಟೇಶನ್‌ನಲ್ಲಿ ಸುಳ್ಳು ನಂಬರ್ ಬರೆಯೋಕೆ ಕೈ ನಡುಗುತ್ತೆ, ನನಗೆ ಅಷ್ಟು ಸಾಕು.

ಇಲಾಖೆ_ಇಂಜಿನಿಯರ್
ನೋಡಿ, ಕೊನೆಗೆ ಎಲ್ಲವನ್ನೂ ರೂಪಾಯಿಗೆ ತಂದು ಕಡಿಮೆ ಯಾರದ್ದು ಅಂತಾನೇ ನೋಡ್ತಿದ್ದೀರಿ. ಎಲ್‌1 ಅಂದಿದ್ದೆ ತಾನೇ.

ಲಿಫ್ಟ್_ಕಮಿಟಿ_ಮೈಸೂರು
ನಮ್ಮ ಆಫೀಸ್ ಕಂಪ್ಯೂಟರಲ್ಲಿ ಎಕ್ಸೆಲ್ 2010 ಇದೆ, ಆ MINIFS ಹಾಕಿದ್ರೆ #NAME? ಅಂತ ಬರ್ತಿದೆ. ಎಎಂಸಿ ಮತ್ತೆ ಬಂದಿದೆ, ಈ ಸಲ ಆದ್ರೂ ಸರಿ ಮಾಡೋಣ ಅಂತ.

ಸೋರ್ಸಿಂಗ್_ಪೀಣ್ಯ
MINIFS ಎಕ್ಸೆಲ್ 2019ರಿಂದ ಇದೆ, ಗೂಗಲ್ ಶೀಟ್ಸ್‌ನಲ್ಲೂ ಇದೆ. ಹಳೇದ್ರಲ್ಲಿ ಇದನ್ನ ಹಾಕಿ, ಎಂಟರ್ ಒಂದೇ ಒತ್ತಬೇಡಿ, `Ctrl+Shift+Enter` ಒತ್ತಿ, ಸುತ್ತ ಹೂವಿನ ಬ್ರಾಕೆಟ್ ಬಂದ್ರೆ ಸರಿಯಾಗಿದೆ ಅಂತ:

```
=10*MIN(IF($F$4:$F$7="Y",$B$4:$B$7))/B4
```

ಲಿಫ್ಟ್_ಕಮಿಟಿ_ಮೈಸೂರು
ಬಂತು ಬಂತು. ಮೀಡಿಯನ್ ಅಂದ್ರೆ ಆ ಒಬ್ರು ಒಪ್ತಾರಾ ನೋಡ್ಬೇಕು.